ಹೋಗಿ ಬರುವ ಸರಾಸರಿ ವೇಗ ತಾಳೆಯಾಗದಿದ್ದರೆ: ಟ್ರಿಪ್ ಶೀಟಿನ ದೋಷ ಪತ್ತೆ ಮತ್ತು ದುರಸ್ತಿ

ದೋಷದ ಲಕ್ಷಣ

ಲಾರಿ ಹೋಗಿ ಬಂದಿದೆ. ಟ್ರಿಪ್ ಶೀಟಿನಲ್ಲಿ ಸರಾಸರಿ ವೇಗ ಗಂಟೆಗೆ 32 ಕಿ.ಮೀ. ಎಂದು ಕಾಣುತ್ತಿದೆ. ಆದರೆ ಅದೇ ಶೀಟಿನಲ್ಲಿರುವ ಒಟ್ಟು ದೂರವನ್ನು 32ರಿಂದ ಭಾಗಿಸಿದರೆ ಬರುವ ಗಂಟೆಗೂ ಲಾರಿ ನಿಜವಾಗಿ ಓಡಿದ ಗಂಟೆಗೂ ತಾಳೆಯಾಗುತ್ತಿಲ್ಲ. ಪ್ರತಿ ಟ್ರಿಪ್ಪಿನಲ್ಲೂ ಅರ್ಧ ಗಂಟೆ ಎಲ್ಲೋ ಕಳೆದುಹೋಗಿರುತ್ತದೆ. ತಿಂಗಳಿಗೆ ಇಪ್ಪತ್ತು ಟ್ರಿಪ್ ಇದ್ದರೆ ಅದು ಹತ್ತು ಗಂಟೆ. ಆಫೀಸಿನವರು ಡ್ರೈವರ್‌ನನ್ನು ಕೇಳುತ್ತಾರೆ, ಡ್ರೈವರ್ ಎಲ್ಲೂ ನಿಲ್ಲಿಸಿಲ್ಲ ಎನ್ನುತ್ತಾನೆ. ಇಬ್ಬರ ಮಾತೂ ನಿಜವಾಗಿರಬಹುದು. ಆ ಅರ್ಧ ಗಂಟೆ ರಸ್ತೆಯಲ್ಲಿ ಕಳೆದದ್ದಲ್ಲ, ಶೀಟಿನ ಒಂದು ಸೂತ್ರದಲ್ಲಿ ಕಳೆದದ್ದು.

ಈ ದೋಷಕ್ಕೆ ಇನ್ನೊಂದು ಗುರುತಿದೆ. ಬಯಲುಸೀಮೆಯ ರೂಟುಗಳಲ್ಲಿ ಶೀಟು ವರ್ಷಗಟ್ಟಲೆ ಸರಿಯಾಗಿಯೇ ಕೆಲಸ ಮಾಡಿರುತ್ತದೆ. ಹುಬ್ಬಳ್ಳಿ–ದಾವಣಗೆರೆಯಂಥ ದಾರಿಯಲ್ಲಿ ಹೋಗುವಾಗಲೂ ಬರುವಾಗಲೂ ವೇಗ ಹೆಚ್ಚುಕಮ್ಮಿ ಒಂದೇ ಇರುವುದರಿಂದ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಅದೇ ಶೀಟನ್ನು ಘಾಟಿ ರೂಟಿಗೆ ಹಾಕಿದ ದಿನ ಲೆಕ್ಕ ಕೈಕೊಡುತ್ತದೆ. ಹಾಗಾಗಿ ಎಲ್ಲರೂ ಮೊದಲು ಘಾಟಿಯನ್ನೋ ಡ್ರೈವರನ್ನೋ ಅನುಮಾನಿಸುತ್ತಾರೆ, ಶೀಟಿನ ಮೇಲೆ ಯಾರ ಕಣ್ಣೂ ಹೋಗುವುದಿಲ್ಲ.

ಒಂದು ಟ್ರಿಪ್ಪನ್ನು ಬಿಡಿಸಿ ನೋಡೋಣ

ಶಿರಾಡಿ ಘಾಟಿಯ ದಾರಿಯನ್ನೇ ತೆಗೆದುಕೊಳ್ಳುತ್ತೇನೆ. ಬಿ.ಸಿ. ರೋಡಿನ ಕಡೆಯ ಗೋಡೌನಿನಿಂದ ರಸಗೊಬ್ಬರದ ಲೋಡು ಹೊತ್ತ ಲಾರಿ ಉಪ್ಪಿನಂಗಡಿ, ನೆಲ್ಯಾಡಿ, ಗುಂಡ್ಯ ದಾಟಿ ಘಾಟಿ ಹತ್ತಿ, ಸಕಲೇಶಪುರದ ಆಚೆಗಿನ ತೋಟಗಳ ಸೀಮೆಗೆ ಹೋಗುತ್ತದೆ. ಅನ್‌ಲೋಡ್ ಮಾಡಿ ಖಾಲಿಯಾಗಿ ಅದೇ ದಾರಿಯಲ್ಲಿ ಇಳಿದು ಬರುತ್ತದೆ. ಲೆಕ್ಕ ಸಲೀಸಾಗಲೆಂದು ಒಂದು ಕಡೆಯ ದೂರವನ್ನು ಸರಿಯಾಗಿ 120 ಕಿ.ಮೀ. ಎಂದು ಇಟ್ಟುಕೊಂಡಿದ್ದೇನೆ. ಕೆಳಗಿನ ಸಮಯಗಳೂ ಉದಾಹರಣೆಗೆಂದು ಆರಿಸಿಕೊಂಡವು.

ಬೆಳಿಗ್ಗೆ 5:30ಕ್ಕೆ ಹೊರಟ ಲಾರಿ 10:30ಕ್ಕೆ ಮೇಲೆ ತಲುಪಿತು. ಐದು ಗಂಟೆ, ಅಂದರೆ ಗಂಟೆಗೆ 24 ಕಿ.ಮೀ. ಎರಡು ಗಂಟೆ ಅನ್‌ಲೋಡಿಗೆ ಹಿಡಿಯಿತು. ಮಧ್ಯಾಹ್ನ 12:30ಕ್ಕೆ ಹೊರಟು 3:30ಕ್ಕೆ ಕೆಳಗೆ ಬಂತು. ಮೂರು ಗಂಟೆ, ಅಂದರೆ ಗಂಟೆಗೆ 40 ಕಿ.ಮೀ.

ಶೀಟು ಮಾಡಿದ ಲೆಕ್ಕ: 24 ಮತ್ತು 40 ಕೂಡಿಸಿ ಎರಡರಿಂದ ಭಾಗಿಸಿದರೆ 32.

ರಸ್ತೆ ಹೇಳುವ ಲೆಕ್ಕ: ಒಟ್ಟು 240 ಕಿ.ಮೀ., ಓಡಿದ ಸಮಯ ಒಟ್ಟು 8 ಗಂಟೆ. 240ನ್ನು 8ರಿಂದ ಭಾಗಿಸಿದರೆ 30.

ಸರಾಸರಿ ವೇಗ ಎಂದರೆ ಒಟ್ಟು ದೂರವನ್ನು ಒಟ್ಟು ಸಮಯದಿಂದ ಭಾಗಿಸಿದ್ದು. ಅದಕ್ಕೆ ಬೇರೆ ಅರ್ಥವಿಲ್ಲ. ಸರಾಸರಿ 32 ನಿಜವಾಗಿದ್ದರೆ 240 ಕಿ.ಮೀ.ಗೆ ಏಳೂವರೆ ಗಂಟೆ ಸಾಕಾಗಬೇಕಿತ್ತು. ಲಾರಿ ಓಡಿದ್ದು ಎಂಟು ಗಂಟೆ. ಕಳೆದುಹೋದ ಅರ್ಧ ಗಂಟೆ ಇದೇ.

ದೋಷದ ಮೂಲ

ಎರಡು ಸಂಖ್ಯೆಗಳನ್ನು ಕೂಡಿಸಿ ಎರಡರಿಂದ ಭಾಗಿಸಿದಾಗ ಎರಡಕ್ಕೂ ಸಮ ತೂಕ ಕೊಟ್ಟ ಹಾಗಾಯಿತು. ವೇಗದ ವಿಷಯದಲ್ಲಿ ಸಮ ತೂಕ ಎಂದರೆ ಲಾರಿ ಎರಡೂ ವೇಗದಲ್ಲಿ ಸಮನಾದ ಸಮಯ ಓಡಿದೆ ಎಂದು ಒಪ್ಪಿಕೊಂಡಂತೆ. ಆದರೆ ಇಲ್ಲಿ ಸಮನಾಗಿರುವುದು ದೂರ, ಸಮಯವಲ್ಲ. 24ರ ವೇಗದಲ್ಲಿ ಲಾರಿ ಐದು ಗಂಟೆ ಇತ್ತು, 40ರ ವೇಗದಲ್ಲಿ ಬರೀ ಮೂರು ಗಂಟೆ. ನಿಧಾನವಾಗಿ ಹೋದಷ್ಟೂ ಆ ನಿಧಾನದಲ್ಲೇ ಹೆಚ್ಚು ಹೊತ್ತು ಕಳೆಯಬೇಕಾಗುತ್ತದೆ, ಹಾಗಾಗಿ ನಿಧಾನದ ವೇಗಕ್ಕೆ ತೂಕ ಜಾಸ್ತಿ. ಎಂಟರಲ್ಲಿ ಐದು ಪಾಲು 24ಕ್ಕೆ, ಮೂರು ಪಾಲು 40ಕ್ಕೆ ಕೊಟ್ಟು ನೋಡಿ: 24ರ ಐದೆಂಟಾಂಶ 15, 40ರ ಮೂರೆಂಟಾಂಶವೂ 15. ಕೂಡಿಸಿದರೆ 30.

ಇದನ್ನು ಇನ್ನೂ ನೇರವಾಗಿ ನೋಡಬೇಕೆಂದರೆ ವೇಗವನ್ನು ತಿರುಗಿಸಿ ಬರೆಯಬೇಕು. ಗಂಟೆಗೆ ಎಷ್ಟು ಕಿಲೋಮೀಟರ್ ಎಂಬುದರ ಬದಲು ಒಂದು ಕಿಲೋಮೀಟರಿಗೆ ಎಷ್ಟು ನಿಮಿಷ ಎಂದು ಕೇಳಿ. ಹತ್ತುವಾಗ ಗಂಟೆಗೆ 24 ಅಂದರೆ ಕಿಲೋಮೀಟರಿಗೆ ಎರಡೂವರೆ ನಿಮಿಷ. ಇಳಿಯುವಾಗ ಗಂಟೆಗೆ 40 ಅಂದರೆ ಕಿಲೋಮೀಟರಿಗೆ ಒಂದೂವರೆ ನಿಮಿಷ. ಹತ್ತುವ ಕಿಲೋಮೀಟರುಗಳು 120, ಇಳಿಯುವ ಕಿಲೋಮೀಟರುಗಳೂ 120. ಎರಡೂ ಸಮನಾಗಿರುವುದರಿಂದ ಇಲ್ಲಿ ಕೂಡಿಸಿ ಎರಡರಿಂದ ಭಾಗಿಸಲು ಅಡ್ಡಿಯಿಲ್ಲ. ಎರಡೂವರೆ ಮತ್ತು ಒಂದೂವರೆಯ ನಡುವೆ ಎರಡು. ಕಿಲೋಮೀಟರಿಗೆ ಎರಡು ನಿಮಿಷ, ಅಂದರೆ ಗಂಟೆಗೆ 30.

ನನಗೆ ಈ ದೋಷದ ತಿರುಳೆಲ್ಲ ಇಲ್ಲೇ ಇದೆ ಅನ್ನಿಸುತ್ತದೆ. ಎರಡು ಓಟಗಳಿಗೂ ಸಮನಾಗಿರುವುದು ಯಾವುದು ಎಂದು ಮೊದಲು ನೋಡಬೇಕು. ದೂರ ಸಮನಾಗಿದ್ದರೆ 'ಒಂದು ಕಿಲೋಮೀಟರಿಗೆ ಇಷ್ಟು' ಎಂಬ ಅಳತೆಗಳ ಸರಾಸರಿ ತೆಗೆಯಬಹುದು. ಸಮಯ ಸಮನಾಗಿದ್ದರೆ 'ಒಂದು ಗಂಟೆಗೆ ಇಷ್ಟು' ಎಂಬ ಅಳತೆಗಳ ಸರಾಸರಿ ತೆಗೆಯಬಹುದು. ಲಾರಿ ಎರಡು ಗಂಟೆ 30ರಲ್ಲಿ, ಇನ್ನೆರಡು ಗಂಟೆ 20ರಲ್ಲಿ ಓಡಿದ್ದರೆ 100 ಕಿ.ಮೀ.ಗೆ ನಾಲ್ಕು ಗಂಟೆ, ಅಂದರೆ ಸರಾಸರಿ 25. ಅಲ್ಲಿ ಸರಳ ಸರಾಸರಿಯೇ ಸರಿ. ಸರಳ ಸರಾಸರಿ ಎಂಬುದು ತಪ್ಪು ವಿಧಾನವಲ್ಲ, ಹೋಗಿ ಬರುವ ದಾರಿಗೆ ಹೊಂದದ ವಿಧಾನ.

ಇದೇ ದೋಷವೇ ಎಂದು ಖಾತರಿ ಮಾಡಿಕೊಳ್ಳುವ ಪರೀಕ್ಷೆ

ಎರಡು ಕಡೆಯ ದೂರ ಒಂದೇ ಆಗಿದ್ದಾಗ ಸರಳ ಸರಾಸರಿ ಯಾವಾಗಲೂ ನಿಜಕ್ಕಿಂತ ಹೆಚ್ಚೇ ತೋರಿಸುತ್ತದೆ. ಎರಡೂ ವೇಗ ಒಂದೇ ಆಗಿದ್ದರೆ ಮಾತ್ರ ಸರಿಸಮ. ಎಷ್ಟು ಹೆಚ್ಚು ತೋರಿಸುತ್ತದೆ ಎಂಬುದನ್ನೂ ಕರಾರುವಾಕ್ಕಾಗಿ ಹೇಳಬಹುದು: ಎರಡು ವೇಗಗಳ ವ್ಯತ್ಯಾಸದ ವರ್ಗವನ್ನು, ಅವುಗಳ ಮೊತ್ತದ ಎರಡರಷ್ಟರಿಂದ ಭಾಗಿಸಬೇಕು. ಶೀಟಿನಲ್ಲಿ ವೇಗಗಳು F2, F3 ಕೋಶಗಳಲ್ಲಿದ್ದರೆ ಸೂತ್ರ ಇದು:

```
=(F2-F3)^2/(2*(F2+F3))
```

ನಮ್ಮ ಟ್ರಿಪ್ಪಿಗೆ ವ್ಯತ್ಯಾಸ 16, ಅದರ ವರ್ಗ 256. ಮೊತ್ತ 64, ಅದರ ಎರಡರಷ್ಟು 128. ಭಾಗಿಸಿದರೆ 2. ಶೀಟಿನ 32ಕ್ಕೂ ರಸ್ತೆಯ 30ಕ್ಕೂ ಇರುವ ಅಂತರ ಸರಿಯಾಗಿ ಇಷ್ಟೇ. ಅಂತರ ಈ ಸೂತ್ರದ ಉತ್ತರಕ್ಕೆ ಕೂಡಿಬಂದರೆ ದೋಷ ಇದೊಂದೇ, ಬೇರೇನನ್ನೂ ಹುಡುಕಬೇಕಾಗಿಲ್ಲ.

ಬಯಲುಸೀಮೆಯಲ್ಲಿ ದೋಷ ಏಕೆ ಅಡಗಿಕೊಳ್ಳುತ್ತದೆ ಎಂಬುದಕ್ಕೂ ಇದೇ ಸೂತ್ರದಲ್ಲಿ ಉತ್ತರವಿದೆ. ಹೋಗುವಾಗ 38, ಬರುವಾಗ 42 ಇದ್ದರೆ ವ್ಯತ್ಯಾಸ ಬರೀ 4. ವರ್ಗ 16, ಅದನ್ನು 160ರಿಂದ ಭಾಗಿಸಿದರೆ 0.1. ಶೀಟು 40 ಎನ್ನುತ್ತದೆ, ನಿಜ 39.9. ಯಾರೂ ಗಮನಿಸುವುದಿಲ್ಲ. ಮೊತ್ತ ಅಷ್ಟೇ ಇದ್ದು ವೇಗಗಳು 20 ಮತ್ತು 60 ಆದರೆ ವ್ಯತ್ಯಾಸ 40, ವರ್ಗ 1600, ಅಂತರ 10. ಶೀಟು ಆಗಲೂ 40 ಎನ್ನುತ್ತಿರುತ್ತದೆ, ನಿಜ 30ಕ್ಕೆ ಇಳಿದಿರುತ್ತದೆ. ವ್ಯತ್ಯಾಸ ವರ್ಗವಾಗಿ ಬೆಳೆಯುವುದರಿಂದ ತಪ್ಪು ಮೆಲ್ಲಗೆ ಶುರುವಾಗಿ ಬೇಗ ದೊಡ್ಡದಾಗುತ್ತದೆ.

ಶೀಟಿನ ದುರಸ್ತಿ

ದೋಷವಿರುವ ಶೀಟಿನಲ್ಲಿ ಸಾಮಾನ್ಯವಾಗಿ ವೇಗದ ಕಾಲಂನ ಕೆಳಗೆ ಈ ಸೂತ್ರ ಇರುತ್ತದೆ:

```
=AVERAGE(F2:F3)
```

ಇದನ್ನು ತೆಗೆದುಹಾಕಿ. B ಕಾಲಂನಲ್ಲಿ ದೂರ, C ಯಲ್ಲಿ ಹೊರಟ ಸಮಯ, D ಯಲ್ಲಿ ತಲುಪಿದ ಸಮಯ, E ಯಲ್ಲಿ ಓಡಿದ ಅವಧಿ ಇದೆ ಎಂದುಕೊಂಡರೆ ಬರೆಯಬೇಕಾದದ್ದು ಹೀಗೆ:

```
E2:  =MOD(D2-C2,1)
F2:  =B2/(E2*24)
F4:  =SUM(B2:B3)/(SUM(E2:E3)*24)
```

ಇಲ್ಲಿ 24ರಿಂದ ಗುಣಿಸಿರುವುದಕ್ಕೆ ಕಾರಣವಿದೆ. ಎಕ್ಸೆಲ್ ಆಗಲಿ ಲಿಬ್ರೆಆಫೀಸ್ ಆಗಲಿ ಸಮಯವನ್ನು ದಿನದ ಭಾಗವಾಗಿ ಇಟ್ಟುಕೊಳ್ಳುತ್ತದೆ. ಕೋಶದಲ್ಲಿ 5:00 ಎಂದು ಕಂಡರೂ ಒಳಗಿರುವುದು 24ರಲ್ಲಿ 5 ಭಾಗ, ಅಂದರೆ ಸುಮಾರು 0.208. ಗುಣಿಸದೆ ಬಿಟ್ಟರೆ 24ರ ಬದಲು ವೇಗ 576 ಎಂದು ಬರುತ್ತದೆ. ಅಂಥ ಸಂಖ್ಯೆ ಕಂಡರೆ ಅದು ಬೇರೆಯೇ ದೋಷ, ಈ ಗುಣಾಕಾರ ಬಿಟ್ಟುಹೋಗಿದೆ ಎಂದು ತಿಳಿಯಿರಿ. MOD ಹಾಕಿರುವುದು ರಾತ್ರಿ ಹನ್ನೆರಡು ದಾಟಿ ಓಡುವ ಲಾರಿಗಳಿಗಾಗಿ. ರಾತ್ರಿ 11ಕ್ಕೆ ಹೊರಟು ಬೆಳಗಿನ ಜಾವ 4ಕ್ಕೆ ತಲುಪಿದರೆ ಬರೀ ಕಳೆಯುವ ಸೂತ್ರಕ್ಕೆ ಉತ್ತರ ಋಣವಾಗಿ ಬರುತ್ತದೆ, MOD ಅದನ್ನು ಐದು ಗಂಟೆಗೆ ಸರಿಪಡಿಸುತ್ತದೆ. ಒಂದೇ ಓಟ 24 ಗಂಟೆ ಮೀರುವ ದೂರದ ರೂಟುಗಳಿಗೆ ಇದು ಸಾಲದು, ಅಲ್ಲಿ ದಿನಾಂಕವನ್ನೂ ಸೇರಿಸಿ ಬರೆದು, MOD ತೆಗೆದು ಬರೀ `=D2-C2` ಹಾಕಬೇಕು. ಇನ್ನು ತಿಂಗಳ ಒಟ್ಟು ಅವಧಿ ನೋಡುವಾಗ ಕೋಶದ ಫಾರ್ಮ್ಯಾಟ್ `[h]:mm` ಇರಲಿ. ಚೌಕ ಕಂಸ ಇಲ್ಲದಿದ್ದರೆ 24 ಗಂಟೆ ದಾಟಿದ ಮೊತ್ತ ಮತ್ತೆ ಸೊನ್ನೆಯಿಂದ ಶುರುವಾದಂತೆ ಕಾಣುತ್ತದೆ.

ವೇಗಗಳು ಮಾತ್ರ ಗೊತ್ತಿದ್ದು ದೂರ, ಸಮಯ ಯಾವುದೂ ಬರೆದಿಲ್ಲ ಎಂಬಂಥ ಹಳೆಯ ಶೀಟುಗಳೂ ಇರುತ್ತವೆ. ಹೋಗಿ ಬಂದ ದಾರಿ ಒಂದೇ ಎಂದು ಖಚಿತವಿದ್ದರೆ ಅಲ್ಲಿ ಹರಾತ್ಮಕ ಸರಾಸರಿ ಬಳಸಬಹುದು. ಶೀಟಿನಲ್ಲಿ ಅದಕ್ಕೆಂದೇ ಸೂತ್ರವಿದೆ:

```
=HARMEAN(F2:F3)
```

ಇದು ಮಾಡುವುದು ಮೇಲೆ ನಾವು ಮಾಡಿದ್ದನ್ನೇ. ವೇಗಗಳನ್ನು ತಿರುಗಿಸಿ, ಸರಾಸರಿ ತೆಗೆದು, ಮತ್ತೆ ತಿರುಗಿಸುತ್ತದೆ. 24 ಮತ್ತು 40 ಕೊಟ್ಟರೆ 30 ಬರುತ್ತದೆ. ಆದರೆ ಕಾಲಂನಲ್ಲಿ ಎಲ್ಲಾದರೂ ಸೊನ್ನೆ ಇದ್ದರೆ ಉತ್ತರದ ಬದಲು ದೋಷ ತೋರಿಸಿ ನಿಲ್ಲುತ್ತದೆ, ಎಕ್ಸೆಲ್‌ನಲ್ಲಿ ಅದು `#NUM!` ಎಂದು ಕಾಣುತ್ತದೆ. ಒಂದು ಟ್ರಿಪ್ ರದ್ದಾಗಿ ವೇಗದ ಜಾಗದಲ್ಲಿ 0 ಬರೆದಿದ್ದರೆ ಹೀಗಾಗುತ್ತದೆ. ಆ ಕೋಶವನ್ನು ಖಾಲಿ ಬಿಡಿ. ನನ್ನ ಅಭಿಪ್ರಾಯದಲ್ಲಿ ದೂರ ಮತ್ತು ಸಮಯ ಎರಡೂ ಕೈಯಲ್ಲಿದ್ದಾಗ HARMEAN ಗೋಜಿಗೆ ಹೋಗಬಾರದು. ಅದು ದೂರ ಸಮನಾಗಿದೆ ಎಂಬ ನಂಬಿಕೆಯ ಮೇಲೆ ನಿಂತಿದೆ. ಮೊತ್ತವನ್ನು ಮೊತ್ತದಿಂದ ಭಾಗಿಸುವ ಸೂತ್ರಕ್ಕೆ ಅಂಥ ಯಾವ ನಂಬಿಕೆಯೂ ಬೇಕಿಲ್ಲ.

ಅಂತರ ಸೂತ್ರಕ್ಕೆ ಕೂಡಿಬರದಿದ್ದರೆ

ಶೀಟಿನ ಪ್ರಕಾರ 32, ಜಿಪಿಎಸ್ ಪ್ರಕಾರ 24 ಎಂದು ಬಂದರೆ ಅಂತರ 8. ನಮ್ಮ ಸೂತ್ರ ಒಪ್ಪುವುದು 2ನ್ನು ಮಾತ್ರ. ಉಳಿದ 6 ಎಲ್ಲಿಂದ ಬಂತು? ಅನ್‌ಲೋಡಿಗೆ ಹಿಡಿದ ಎರಡು ಗಂಟೆಯಿಂದ. ಬೆಳಿಗ್ಗೆ 5:30ರಿಂದ ಮಧ್ಯಾಹ್ನ 3:30ರವರೆಗೆ ಹತ್ತು ಗಂಟೆ, 240ನ್ನು 10ರಿಂದ ಭಾಗಿಸಿದರೆ 24. ಜಿಪಿಎಸ್ ಸೇವೆಗಳಲ್ಲಿ ನಿಂತ ಸಮಯ ಸೇರಿಸಿದ ಸರಾಸರಿ, ಓಡಿದ ಸಮಯದ ಸರಾಸರಿ ಎಂದು ಎರಡು ಬಗೆ ಇರಬಹುದು. ಎರಡೂ ಸರಿ, ಎರಡಕ್ಕೂ ಉಪಯೋಗ ಬೇರೆ. ಬಾಡಿಗೆಯ ಲೆಕ್ಕಕ್ಕೆ, ಲಾರಿ ಇನ್ನೊಂದು ಟ್ರಿಪ್ಪಿಗೆ ಯಾವಾಗ ಸಿಗುತ್ತದೆ ಎಂದು ಹೇಳುವುದಕ್ಕೆ ನಿಂತ ಸಮಯ ಸೇರಿದ್ದು ಬೇಕು. ರಸ್ತೆ ಹೇಗಿದೆ, ಲೋಡು ಹೆಚ್ಚಾಯಿತೇ ಎಂದು ನೋಡುವುದಕ್ಕೆ ಓಡಿದ ಸಮಯದ್ದು ಬೇಕು. 32ನ್ನು 30ಕ್ಕೆ ಇಳಿಸಿದ್ದು ಸೂತ್ರದ ತಪ್ಪಿನ ದುರಸ್ತಿ, 30ರಿಂದ 24ಕ್ಕೆ ಇಳಿಸುವುದು ಯಾವ ಗಡಿಯಾರ ಬಳಸಬೇಕು ಎಂಬ ನಿರ್ಧಾರ. ಎರಡನ್ನೂ ಒಟ್ಟಿಗೆ ಕಲಸಿದರೆ ಯಾವುದೂ ಬಗೆಹರಿಯುವುದಿಲ್ಲ.

ಅದಕ್ಕಿಂತ ಗೊಂದಲದ ಸಂದರ್ಭ ಇನ್ನೊಂದಿದೆ: ಶೀಟನ್ನು ಸರಿಪಡಿಸಿದ ಮೇಲೆ 30 ಬರುತ್ತದೆ, ಜಿಪಿಎಸ್ ರಿಪೋರ್ಟು 32 ಎನ್ನುತ್ತದೆ. ಯಂತ್ರ ಹೇಳಿದ್ದೇ ಸರಿ ಇರಬೇಕೆಂದು ದುರಸ್ತಿಯನ್ನು ಅಳಿಸಿಹಾಕಬೇಡಿ. ಸಾಧನ ವೇಗದ ನಮೂದುಗಳನ್ನು ಹೇಗೆ ಕಳಿಸುತ್ತದೆ ಎಂದು ನೋಡಿ. ಅರ್ಧ ನಿಮಿಷಕ್ಕೊಮ್ಮೆ ಒಂದು ನಮೂದು ಕಳಿಸುವ ಸಾಧನವಾದರೆ ಹತ್ತುವ ಐದು ಗಂಟೆಯಲ್ಲಿ 600 ನಮೂದು, ಇಳಿಯುವ ಮೂರು ಗಂಟೆಯಲ್ಲಿ 360 ನಮೂದು. ಎಲ್ಲ ನಮೂದುಗಳ ಸರಳ ಸರಾಸರಿ ತೆಗೆದರೆ 30 ಬರುತ್ತದೆ, ಏಕೆಂದರೆ ನಮೂದುಗಳ ನಡುವಿನ ಸಮಯ ಸಮನಾಗಿದೆ. ಅದೇ ಸಾಧನ ನೂರು ಮೀಟರಿಗೊಮ್ಮೆ ನಮೂದು ಕಳಿಸುವಂತೆ ಹೊಂದಿಸಿದ್ದರೆ ಹತ್ತುವಾಗ 1200, ಇಳಿಯುವಾಗಲೂ 1200. ಈಗ ಸರಳ ಸರಾಸರಿ 32ಕ್ಕೆ ಬಂದು ನಿಲ್ಲುತ್ತದೆ. ಶೀಟಿನಲ್ಲಿದ್ದ ದೋಷವೇ ಸಾಧನದ ರಿಪೋರ್ಟಿನೊಳಗೆ ಕೂತಿದೆ. ಹಾಗಾಗಿ ನಮೂದುಗಳ ವೇಗವನ್ನು ನಂಬುವ ಬದಲು ಸಾಧನ ಕೊಡುವ ಒಟ್ಟು ದೂರ ಮತ್ತು ಇಂಜಿನ್ ಚಾಲೂ ಇದ್ದು ಓಡಿದ ಸಮಯ ಎರಡನ್ನೇ ತೆಗೆದುಕೊಂಡು ನೀವೇ ಭಾಗಿಸಿ.

ಶೀಟು ನಿಜಕ್ಕಿಂತ ಕಡಿಮೆ ತೋರಿಸುತ್ತಿದ್ದರೆ? ದೂರ ಸಮನಾಗಿದ್ದಾಗ ಹಾಗಾಗುವುದು ಸಾಧ್ಯವೇ ಇಲ್ಲ. ಆದ್ದರಿಂದ ಕಡಿಮೆ ತೋರಿಸಿದ ಕೂಡಲೇ ದೂರಗಳು ಸಮನಾಗಿಲ್ಲ ಎಂದು ತಿಳಿಯಬೇಕು. ಹತ್ತುವ ಓಟವನ್ನೇ ಎರಡು ಸಾಲಾಗಿ ಬರೆದಿದ್ದಾರೆ ಎಂದುಕೊಳ್ಳಿ: ತಗ್ಗಿನ ದಾರಿ 90 ಕಿ.ಮೀ., ಮೂರು ಗಂಟೆ, ವೇಗ 30. ಘಾಟಿ 30 ಕಿ.ಮೀ., ಎರಡು ಗಂಟೆ, ವೇಗ 15. ಸರಳ ಸರಾಸರಿ 22.5, ನಿಜವಾದದ್ದು 24. ವೇಗವಾಗಿ ಓಡಿದ ತುಂಡೇ ಸಮಯದಲ್ಲೂ ದೊಡ್ಡದಾಗಿರುವುದರಿಂದ ತಪ್ಪು ಈ ಸಲ ಇನ್ನೊಂದು ಕಡೆಗೆ ವಾಲಿತು. ಇಲ್ಲಿ HARMEAN ಹಾಕಿದರೆ 20 ಬರುತ್ತದೆ, ಅದು ಇನ್ನೂ ಕೆಟ್ಟದು. ಮಳೆಗಾಲದಲ್ಲಿ ಶಿರಾಡಿಯಲ್ಲಿ ಗುಡ್ಡ ಜರಿದು ಲಾರಿ ಬೇರೆ ದಾರಿ ಸುತ್ತಿ ಬಂದ ದಿನಗಳಲ್ಲೂ ಇದೇ ಕಥೆ: ಹೋದ ದೂರ ಒಂದು, ಬಂದ ದೂರ ಇನ್ನೊಂದು. ಆ ಸಾಲುಗಳಿಗೆ ಮೊತ್ತವನ್ನು ಮೊತ್ತದಿಂದ ಭಾಗಿಸುವುದೊಂದೇ ದಾರಿ.

ಈ ದೋಷ ಡ್ರೈವರ್ ಮೇಲೆ ಬೀಳುವ ಬಗೆ

ಶೀಟಿನ ತಪ್ಪು ಶೀಟಿನಲ್ಲೇ ಉಳಿದಿದ್ದರೆ ಇಷ್ಟು ಬರೆಯುವ ಅಗತ್ಯವಿರಲಿಲ್ಲ. ಅದು ಟೈಮಿಂಗ್ ಪಟ್ಟಿಗೆ ಹೋಗುತ್ತದೆ. ಸರಾಸರಿ 32 ಎಂದು ನಂಬಿದ ಆಫೀಸು 240 ಕಿ.ಮೀ.ಗೆ ಏಳೂವರೆ ಗಂಟೆ ಬರೆಯುತ್ತದೆ. ಹತ್ತುವಾಗ ಲೋಡಿನ ಲಾರಿಗೆ ಐದು ಗಂಟೆ ಬೇಕೇ ಬೇಕು, ಅದರಲ್ಲಿ ಉಳಿಸಲು ಡ್ರೈವರ್ ಕೈಯಲ್ಲಿ ಹೆಚ್ಚೇನೂ ಇಲ್ಲ. ಹಾಗಾದರೆ ಅರ್ಧ ಗಂಟೆ ಎಲ್ಲಿಂದ ತರಬೇಕು? ಇಳಿಜಾರಿನಿಂದ. ಮೂರು ಗಂಟೆಯ ಇಳಿಯುವ ದಾರಿಯನ್ನು ಎರಡೂವರೆ ಗಂಟೆಯಲ್ಲಿ ಮುಗಿಸಬೇಕೆಂದರೆ ಸರಾಸರಿ 40ರ ಬದಲು 48ರಲ್ಲಿ ಬರಬೇಕು. ತಿರುವುಗಳಲ್ಲಿ ವೇಗ ಹೇಗೂ ಇಳಿಯುವುದರಿಂದ ನೇರ ಇಳಿಜಾರುಗಳಲ್ಲಿ 48ಕ್ಕಿಂತ ಬಹಳ ಮೇಲೆ ಹೋಗಬೇಕಾಗುತ್ತದೆ. ಘಾಟಿಯಲ್ಲಿ ಕೆಳಗಿನ ಗೇರಿನಲ್ಲಿ ಇಳಿಯಬೇಕಾದ ಲಾರಿಯನ್ನು ಬ್ರೇಕಿನ ಭರವಸೆಯ ಮೇಲೆ ಇಳಿಸಿದರೆ ಡ್ರಮ್ ಕಾದು ಬ್ರೇಕು ಹಿಡಿತ ಬಿಡುತ್ತದೆ. "ಸಾರ್, ಹತ್ತುವಾಗ ಹೋದ ಟೈಮು ಇಳಿಯುವಾಗ ಬರಲ್ಲ" ಎಂದು ಡ್ರೈವರ್ ಹೇಳಿದರೆ ಆ ಮಾತನ್ನು ನೆಪ ಎಂದು ತಳ್ಳಿಹಾಕಬೇಡಿ, ಅದು ಅಕ್ಷರಶಃ ಲೆಕ್ಕ.

ಗುರಿಯನ್ನು ಇನ್ನೂ ಏರಿಸಿ ನೋಡಿ. ಒಟ್ಟು ಸರಾಸರಿ 48 ಬೇಕು ಎಂದು ಯಾರಾದರೂ ಹೇಳಿದರು ಎನ್ನೋಣ. ಹತ್ತುವಾಗ 24 ಆಯಿತು, ಇಳಿಯುವಾಗ 72ರಲ್ಲಿ ಬಂದರೆ ನಡುವೆ 48 ಆಗುತ್ತದಲ್ಲ ಎಂದು ಸರಳ ಸರಾಸರಿ ಹೇಳುತ್ತದೆ. 72ರಲ್ಲಿ ಬಂದರೆ ಇಳಿಯಲು 1 ಗಂಟೆ 40 ನಿಮಿಷ, ಒಟ್ಟು 6 ಗಂಟೆ 40 ನಿಮಿಷ, ಸರಾಸರಿ ಬರೀ 36. ಸರಾಸರಿ 48 ಆಗಬೇಕಾದರೆ 240 ಕಿ.ಮೀ. ಐದು ಗಂಟೆಯಲ್ಲಿ ಮುಗಿಯಬೇಕು. ಆ ಐದೂ ಗಂಟೆ ಹತ್ತುವುದರಲ್ಲೇ ಮುಗಿದಿದೆ. ಇಳಿಯಲು ಉಳಿದ ಸಮಯ ಸೊನ್ನೆ. ಒಂದು ಕಡೆಯ ವೇಗದ ಎರಡರಷ್ಟು ಸರಾಸರಿಯನ್ನು ಇನ್ನೊಂದು ಕಡೆಯ ಯಾವ ವೇಗವೂ ತಂದುಕೊಡಲಾರದು. ಮನೋವಿಜ್ಞಾನಿ ಮ್ಯಾಕ್ಸ್ ವರ್ಥೈಮರ್ 1934ರಲ್ಲಿ ಇದೇ ಲೆಕ್ಕವನ್ನು ಐನ್‌ಸ್ಟೈನ್‌ಗೆ ಪತ್ರದಲ್ಲಿ ಕಳಿಸಿದ್ದರು: ಹಳೆಯ ಕಾರು ಒಂದು ಮೈಲಿ ಗುಡ್ಡವನ್ನು ಗಂಟೆಗೆ 15 ಮೈಲಿಯಲ್ಲಿ ಹತ್ತಿದೆ, ಒಟ್ಟು ಸರಾಸರಿ 30 ಆಗಲು ಇನ್ನೊಂದು ಮೈಲಿಯನ್ನು ಎಷ್ಟು ವೇಗದಲ್ಲಿ ಇಳಿಯಬೇಕು? ಲೆಕ್ಕ ಹಾಕಿದ ಮೇಲಷ್ಟೇ ಇಳಿಯಲು ಸಮಯ ಉಳಿದಿಲ್ಲ ಎಂಬುದು ತನಗೆ ಕಂಡಿತು ಎಂದು ಐನ್‌ಸ್ಟೈನ್ ಉತ್ತರಿಸಿದ್ದರು.

ನಿಜಕ್ಕೂ ಸಮಯ ಉಳಿಸಬೇಕಾದರೆ ನಿಧಾನದ ಕಡೆ ನೋಡಬೇಕು. ಹತ್ತುವ ವೇಗ 24ರಿಂದ 25ಕ್ಕೆ ಏರಿದರೆ ಐದು ಗಂಟೆ 4 ಗಂಟೆ 48 ನಿಮಿಷವಾಗುತ್ತದೆ, 12 ನಿಮಿಷ ಉಳಿತಾಯ. ಇಳಿಯುವ ವೇಗ 40ರಿಂದ 41ಕ್ಕೆ ಏರಿದರೆ ಉಳಿಯುವುದು ನಾಲ್ಕೂವರೆ ನಿಮಿಷವೂ ಇಲ್ಲ. ಏರಿಸಿದ್ದು ಎರಡೂ ಕಡೆ ಒಂದೊಂದೇ ಕಿಲೋಮೀಟರ್, ಆದರೆ ಫಲದಲ್ಲಿ ಸುಮಾರು ಮೂರು ಪಟ್ಟು ಅಂತರ. ಹಾಗಾಗಿ ಲೋಡನ್ನು ಸ್ವಲ್ಪ ತಗ್ಗಿಸುವುದು, ಟ್ರಾಫಿಕ್ ಕಟ್ಟಿಕೊಳ್ಳುವ ಮೊದಲೇ ಗುಂಡ್ಯ ದಾಟುವಂತೆ ಇನ್ನಷ್ಟು ಬೇಗ ಹೊರಡಿಸುವುದು, ಇವುಗಳಿಂದ ಸಿಗುವ ನಿಮಿಷಗಳು ಇಳಿಜಾರಿನಲ್ಲಿ ಓಡಿಸಿ ಗಳಿಸುವ ನಿಮಿಷಗಳಿಗಿಂತ ಹೆಚ್ಚು, ಅಪಾಯವೂ ಇಲ್ಲ.

ಡೀಸೆಲ್ ಕಾಲಂ ಕೂಡ ತೆರೆದು ನೋಡಿ

ವೇಗದ ಕಾಲಂನಲ್ಲಿ ಈ ದೋಷ ಸಿಕ್ಕಿದ ಶೀಟಿನಲ್ಲಿ ಮೈಲೇಜಿನ ಕಾಲಂನಲ್ಲೂ ಅದೇ ಇರುವ ಸಂಭವ ಹೆಚ್ಚು, ಏಕೆಂದರೆ ಸೂತ್ರವನ್ನು ಪಕ್ಕದ ಕಾಲಂಗೆ ಎಳೆದಿರುತ್ತಾರೆ. ಲಾರಿ ಹತ್ತುವಾಗ ಲೀಟರಿಗೆ 3 ಕಿ.ಮೀ., ಖಾಲಿ ಇಳಿಯುವಾಗ 6 ಕಿ.ಮೀ. ಕೊಟ್ಟಿದೆ ಎಂದುಕೊಳ್ಳಿ. ಶೀಟು 4.5 ಎನ್ನುತ್ತದೆ. ಹತ್ತುವಾಗ ಸುಟ್ಟದ್ದು 40 ಲೀಟರ್, ಇಳಿಯುವಾಗ 20, ಒಟ್ಟು 60 ಲೀಟರಿಗೆ 240 ಕಿ.ಮೀ., ಅಂದರೆ ನಿಜವಾದ ಮೈಲೇಜು 4. ಶೀಟು ಹೇಳಿದ 4.5ನ್ನು ನಂಬಿ ಡೀಸೆಲ್ ಹಾಕಿಸಿದರೆ 53 ಲೀಟರ್ ಚಿಲ್ಲರೆ ಲೆಕ್ಕಕ್ಕೆ ಬರುತ್ತದೆ, ಸುಮಾರು ಆರೂಮುಕ್ಕಾಲು ಲೀಟರ್ ಕಡಿಮೆ ಬೀಳುತ್ತದೆ, ಮತ್ತೆ ಪ್ರಶ್ನೆ ಡ್ರೈವರ್ ಕಡೆಗೇ ತಿರುಗುತ್ತದೆ.

ದುರಸ್ತಿ ಅದೇ: ಒಟ್ಟು ಕಿಲೋಮೀಟರನ್ನು ಒಟ್ಟು ಲೀಟರಿನಿಂದ ಭಾಗಿಸಿ. G ಕಾಲಂನಲ್ಲಿ ಲೀಟರ್ ಇದ್ದರೆ ಸೂತ್ರ ಹೀಗೆ:

```
=SUM(B2:B3)/SUM(G2:G3)
```

ಇದಕ್ಕೆ ಒಂದು ಷರತ್ತಿದೆ. ಪ್ರತಿ ಕಡೆಯ ಲೀಟರ್ ಬೇರೆಬೇರೆ ಗೊತ್ತಾಗಬೇಕಾದರೆ ಮೇಲೆ ತಲುಪಿದಾಗಲೂ ಟ್ಯಾಂಕ್ ಫುಲ್ ಮಾಡಿಸಿ ಅಳೆದಿರಬೇಕು. ಹಾಗೆ ಅಳೆಯದೆ ಅಂದಾಜಿನಲ್ಲಿ ಬರೆದ ಮೈಲೇಜುಗಳಿದ್ದರೆ ಕಡೆಗೊಂದು ಸಾಲು ಬರೆಯುವುದನ್ನೇ ಬಿಟ್ಟು, ಹೊರಟಾಗ ಫುಲ್, ವಾಪಸ್ ಬಂದಾಗ ಫುಲ್ ಮಾಡಿಸಿ, ಇಡೀ ಟ್ರಿಪ್ಪಿಗೆ ಒಂದೇ ಸಾಲು ಬರೆಯಿರಿ.